ಚಿತ್ರದ ಪಾರ್ಕಿನಲ್ಲಿ ನೆರಳು ಯಾವ ಕಡೆಗೆ ಬೀಳುತ್ತದೆ?

ಬಡಾವಣೆಯ ಪಾರ್ಕಿನ ಕೆಲಸ ಶುರುವಾಗುವ ಮೊದಲೇ ಗೇಟಿಗೆ ಫ್ಲೆಕ್ಸ್ ಬಂದು ಕೂರುತ್ತದೆ. ಅದರಲ್ಲಿ ಮುಂದೆ ಆಗಲಿರುವ ಪಾರ್ಕಿನ ಚಿತ್ರ: ಸುತ್ತಲೂ ವಾಕಿಂಗ್ ಟ್ರ್ಯಾಕ್, ಅಲ್ಲಲ್ಲಿ ಬೆಂಚು, ಹಸಿರು ಹಾಸು, ಎಲ್ಲ ಒಂದೇ ಎತ್ತರದ ದಟ್ಟ ಮರಗಳು, ಓಡುತ್ತಿರುವ ಒಂದು ಮಗು. ಇದು ಫೋಟೊ ಅಲ್ಲ, ಕೈಯಲ್ಲಿ ಬಿಡಿಸಿದ್ದೂ ಅಲ್ಲ. ಕಂಪ್ಯೂಟರಿನಲ್ಲಿ ಪಾರ್ಕನ್ನು ಅಳತೆಗೆ ತಕ್ಕ ಹಾಗೆ ಕಟ್ಟಿ, ಮೇಲೊಬ್ಬ ಸೂರ್ಯನನ್ನು ಕೂರಿಸಿ, ಒಂದು ಜಾಗದಲ್ಲಿ ಕ್ಯಾಮೆರಾ ನಿಲ್ಲಿಸಿ, ಅಲ್ಲಿಂದ ಬೆಳಕು ನೆರಳು ಹೇಗೆ ಕಾಣುತ್ತದೆಂದು ಯಂತ್ರದಿಂದಲೇ ಲೆಕ್ಕ ಹಾಕಿಸಿ ತೆಗೆದದ್ದು. ಕಸುಬಿನವರ ಬಾಯಲ್ಲಿ ಇದರ ಹೆಸರು ರೆಂಡರ್.

ಇಂಥ ಚಿತ್ರವನ್ನು ನೋಡುವಾಗ ಎಲ್ಲರ ಕಣ್ಣೂ ಹೂವಿನ ಮೇಲೆ, ಆಟದ ಸಾಮಾನಿನ ಮೇಲೆ ಹೋಗುತ್ತದೆ. ನಾನು ಮೊದಲು ನೋಡುವುದು ನೆರಳನ್ನು. ನೆರಳು ಸರಿಯಾಗಿದ್ದರೆ ಆ ಚಿತ್ರದಿಂದ ನಿಜವಾದ ಕೆಲಸವಿದೆ. ಬೆಂಚು ಎಲ್ಲಿ ಹಾಕಬೇಕು, ಸಸಿ ಟ್ರ್ಯಾಕಿನ ಯಾವ ಮಗ್ಗುಲಿಗೆ ನೆಡಬೇಕು ಎಂಬುದನ್ನು ಕಲ್ಲು ಹಾಸುವ ಮೊದಲೇ ತೀರ್ಮಾನಿಸಬಹುದು. ನೆರಳು ತಪ್ಪಿದ್ದರೆ ಅದು ಗೇಟಿನ ಅಲಂಕಾರ, ಅಷ್ಟೆ.

ತಪ್ಪು ಬಹಳ ಸಲ ಹುಟ್ಟುವುದು ಸೋಮಾರಿತನದಿಂದಲೂ ಅಲ್ಲ, ಒಂದು ಖಾಲಿ ಬಿಟ್ಟ ಸೆಟ್ಟಿಂಗಿನಿಂದ. ನಮ್ಮಲ್ಲಿ ಇಂಥ ಕೆಲಸಕ್ಕೆ ತುಂಬ ಬಳಕೆಯಲ್ಲಿರುವ ಸ್ಕೆಚ್‌ಅಪ್ ತೆಗೆದುಕೊಳ್ಳಿ. ಅದರಲ್ಲಿ ಹೊಸ ಕಡತ ತೆರೆದು, ನೀವಿರುವ ಊರು ಯಾವುದೆಂದು ಹೇಳದೆ ಹೋದರೆ, ಅದು ತಾನಾಗಿ ಅಮೆರಿಕದ ಕೊಲೊರಾಡೊ ರಾಜ್ಯದ ಬೌಲ್ಡರ್ ಊರಿನಲ್ಲಿದ್ದೇನೆಂದು ಅಂದುಕೊಳ್ಳುತ್ತದೆ. ಬೌಲ್ಡರ್ ಇರುವುದು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಬೆಂಗಳೂರು 13 ಡಿಗ್ರಿಯಲ್ಲಿ. ಬಸವನಗುಡಿಯ ಪಾರ್ಕಿನ ಮೇಲೆ ಬೌಲ್ಡರಿನ ಬಿಸಿಲು ಬಿದ್ದರೆ ಏನಾಗುತ್ತದೆ?

ಡಿಸೆಂಬರ್ 21ರ ನಡುಮಧ್ಯಾಹ್ನ ಬೆಂಗಳೂರಿನಲ್ಲಿ ಸೂರ್ಯ ದಿಗಂತದಿಂದ ಸುಮಾರು 53 ಡಿಗ್ರಿ ಮೇಲಿರುತ್ತಾನೆ. 10 ಮೀಟರ್ ಎತ್ತರದ ಮರಕ್ಕೆ ಉತ್ತರ ದಿಕ್ಕಿನಲ್ಲಿ ಏಳೂವರೆ ಮೀಟರಿನಷ್ಟು ನೆರಳು. ಅದೇ ಮರ, ಅದೇ ಹೊತ್ತು ಬೌಲ್ಡರಿನಲ್ಲಾದರೆ ನೆರಳು 20 ಮೀಟರ್ ಚಾಚಿಕೊಳ್ಳುತ್ತದೆ. ಇದು ಬರೀ ಉದ್ದದ ತಪ್ಪು. ಜೂನ್ ತಿಂಗಳ ತಪ್ಪು ಇನ್ನೂ ದೊಡ್ಡದು, ಅಲ್ಲಿ ದಿಕ್ಕೇ ತಿರುಗಿಬಿಡುತ್ತದೆ. ಬೌಲ್ಡರಿನಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷಪೂರ್ತಿ ದಕ್ಷಿಣಕ್ಕೇ ಇರುತ್ತಾನೆ. ನಮ್ಮಲ್ಲಿ ಹಾಗಲ್ಲ. ಏಪ್ರಿಲ್ 24ರ ಹೊತ್ತಿಗೆ ಅವನು ಬೆಂಗಳೂರಿನ ನೆತ್ತಿ ದಾಟಿ ಉತ್ತರಕ್ಕೆ ಹೋಗುತ್ತಾನೆ, ಮರಳಿ ದಾಟುವುದು ಆಗಸ್ಟ್ 18ರ ಆಸುಪಾಸಿನಲ್ಲಿ. ಶಾಲೆಯ ಮಕ್ಕಳು ಅಂಗಳದಲ್ಲಿ ಬಾಟಲಿ ನಿಲ್ಲಿಸಿ ‘ಶೂನ್ಯ ನೆರಳಿನ ದಿನ’ ನೋಡುತ್ತಾರಲ್ಲ, ಅದು ಈ ಎರಡು ದಾಟುಗಳ ದಿನ. ನಡುವಿನ ಸುಮಾರು ನಾಲ್ಕು ತಿಂಗಳು ನಮ್ಮ ನಡುಮಧ್ಯಾಹ್ನದ ನೆರಳು ಮರದ ದಕ್ಷಿಣಕ್ಕೆ ಬೀಳುತ್ತದೆ. ಗುಲ್‌ಮೊಹರ್ ಕೆಂಪಗೆ ಹೂಬಿಟ್ಟ ಮೇ ತಿಂಗಳ ಚಿತ್ರದಲ್ಲಿ ಮಧ್ಯಾಹ್ನದ ನೆರಳು ಉತ್ತರಕ್ಕೆ ಉದ್ದವಾಗಿ ಮಲಗಿದ್ದರೆ, ಆ ಪಾರ್ಕಿಗೆ ಬೇರೆ ದೇಶದ ಸೂರ್ಯ ಬಂದಿದ್ದಾನೆಂದು ಲೆಕ್ಕ.

ಇದನ್ನು ಸರಿಪಡಿಸುವುದು ನಿಮಿಷದ ಕೆಲಸ. ಬ್ಲೆಂಡರ್‌ನ ಸೂರ್ಯನ ಆಡ್-ಆನ್‌ನಲ್ಲಾಗಲಿ ಬೇರೆ ತಂತ್ರಾಂಶದಲ್ಲಾಗಲಿ ತುಂಬಬೇಕಾದ್ದು ಹೆಚ್ಚೂಕಡಿಮೆ ಇಷ್ಟೆ:

```
Latitude   12.97
Longitude  77.59
UTC        +5:30
Date       20 April
Time       16:30
```

ಇದರ ಜೊತೆಗೆ ನಕ್ಷೆಯ ಉತ್ತರ ದಿಕ್ಕು. ಎಡವುವುದು ಇಲ್ಲೇ. ಲೇಔಟಿನ ರಸ್ತೆಗಳು ಸರಿಯಾಗಿ ಉತ್ತರ-ದಕ್ಷಿಣಕ್ಕೆ ಇರುವುದು ಅಪರೂಪ; ಡ್ರಾಫ್ಟ್ಸ್‌ಮನ್ ಹಾಳೆಗೆ ನೇರವಾಗಿ ಕೂರಲೆಂದು ನಕ್ಷೆಯನ್ನು ಇಪ್ಪತ್ತೋ ಮೂವತ್ತೋ ಡಿಗ್ರಿ ತಿರುಗಿಸಿರುತ್ತಾನೆ. ಹಾಳೆಯ ಮೇಲ್ತುದಿಯೇ ಉತ್ತರವೆಂದು ತಂತ್ರಾಂಶ ನಂಬಿದರೆ, ಊರು, ದಿನ, ಗಂಟೆ ಎಲ್ಲ ಸರಿಯಿದ್ದೂ ನೆರಳು ಅಷ್ಟೇ ಡಿಗ್ರಿ ಓರೆಯಾಗಿ ಬೀಳುತ್ತದೆ. ಇನ್ನೊಂದು ಸಣ್ಣ ಸಂಗತಿ: ನಮ್ಮ ಗಡಿಯಾರದ 12 ಗಂಟೆ ಸೂರ್ಯನ ನಡುಹಗಲಲ್ಲ. ಭಾರತದ ಗಡಿಯಾರ ನಡೆಯುವುದು 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ, ಬೆಂಗಳೂರು ಅದಕ್ಕಿಂತ ಪಶ್ಚಿಮಕ್ಕಿದೆ. ಹಾಗಾಗಿ ಏಪ್ರಿಲ್ ಕೊನೆಯಲ್ಲಿ ಇಲ್ಲಿ ಸೂರ್ಯ ನೆತ್ತಿಗೆ ಬರುವುದು 12 ಗಂಟೆ 17-18 ನಿಮಿಷಕ್ಕೆ.

ಈಗ ಒಂದು ಪಾರ್ಕನ್ನೇ ಕಟ್ಟಿ ನೋಡೋಣ. ಲೆಕ್ಕ ಸುಲಭವಾಗಲೆಂದು ದಿಕ್ಕಿಗೆ ಸರಿಯಾಗಿರುವ ಒಂದು ಮಾಮೂಲಿ ಪಾರ್ಕ್ ಇಟ್ಟುಕೊಳ್ಳುತ್ತೇನೆ: ಪೂರ್ವದಿಂದ ಪಶ್ಚಿಮಕ್ಕೆ 40 ಮೀಟರ್, ಉತ್ತರದಿಂದ ದಕ್ಷಿಣಕ್ಕೆ 60 ಮೀಟರ್. ಸುತ್ತ ಮೂವತ್ತು ಅಡಿ ಅಂದರೆ 9 ಮೀಟರ್ ರಸ್ತೆ. ರಸ್ತೆಯಾಚೆ ಸಾಲು ಮನೆಗಳು, ಮೇಲಿನ ನೀರಿನ ಟ್ಯಾಂಕು ಸೇರಿ 12 ಮೀಟರ್ ಎತ್ತರ. ಪಾರ್ಕಿನ ನಟ್ಟನಡುವೆ ಒಂದು ಹಳೆಯ ಹೊಂಗೆ: ಎತ್ತರ 10 ಮೀಟರ್, ಹರವು 8 ಮೀಟರ್, ನೆಲದಿಂದ 3 ಮೀಟರ್‌ವರೆಗೆ ಬರಿಯ ಬೊಡ್ಡೆ. ದಿನ ಏಪ್ರಿಲ್ 20, ಬೆಂಗಳೂರಿನವರಿಗೆ ನೆರಳು ಅತಿ ಹೆಚ್ಚು ಬೇಕಾದ ಕಾಲ.

ಮಧ್ಯಾಹ್ನಕ್ಕೆ ಹೆಚ್ಚಿನ ಮಾತು ಬೇಡ. ಸೂರ್ಯ ನೆತ್ತಿಯ ಮೇಲೇ ಇರುವುದರಿಂದ ನೆರಳು ಮರದ ಕೆಳಗೇ ಇರುತ್ತದೆ. ಆ ಹೊತ್ತಿಗೆ ಮರ ಎಷ್ಟು ಎತ್ತರ ಎಂಬುದು ಲೆಕ್ಕಕ್ಕಿಲ್ಲ, ಎಷ್ಟು ಅಗಲ ಎಂಬುದೊಂದೇ ಲೆಕ್ಕ. ಬಾಣದಂತೆ ಮೇಲೇರುವ ಆಕಾಶಮಲ್ಲಿಗೆಗಿಂತ ಕೊಡೆ ಬಿಚ್ಚಿದ ಮಳೆಮರ ಇಲ್ಲಿ ಗೆಲ್ಲುವುದು ಅದಕ್ಕೇ.

ಸಂಜೆ ನಾಲ್ಕೂವರೆಗೆ ಬನ್ನಿ. ಸೂರ್ಯ ದಿಗಂತದಿಂದ 28-29 ಡಿಗ್ರಿ ಮೇಲಿದ್ದಾನೆ, ಪಶ್ಚಿಮಕ್ಕಿಂತ ಆರು ಡಿಗ್ರಿ ಉತ್ತರಕ್ಕೆ ಸರಿದಿದ್ದಾನೆ. ಒಂದು ಮೀಟರ್ ಎತ್ತರದ ವಸ್ತುವಿಗೆ 1.8 ಮೀಟರ್ ನೆರಳು. ಹೊಂಗೆಯ ಎಲೆಗುಂಪಿನ ನಡುಭಾಗ ನೆಲದಿಂದ ಆರೂವರೆ ಮೀಟರ್ ಮೇಲಿದೆ, ಆದ್ದರಿಂದ ಅದರ ನೆರಳಿನ ನಡುಭಾಗ ಬೊಡ್ಡೆಯಿಂದ ಪೂರ್ವಕ್ಕೆ ಸುಮಾರು 12 ಮೀಟರ್ ದೂರದಲ್ಲಿ ಬೀಳುತ್ತದೆ. ನೆರಳು ಶುರುವಾಗುವುದೇ ಬೊಡ್ಡೆಯಿಂದ ನಾಲ್ಕು ಮೀಟರ್ ಆಚೆಗೆ. ಅಂದರೆ ಎಲ್ಲ ಪಾರ್ಕುಗಳಲ್ಲೂ ಪ್ರೀತಿಯಿಂದ ಕಟ್ಟುವ ಮರದ ಸುತ್ತಿನ ಕಟ್ಟೆ ಇದೆಯಲ್ಲ, ಅದರ ಮೇಲೆ ನಾಲ್ಕೂವರೆಗೆ ಕೂತವರ ಮುಖಕ್ಕೆ ಕೊಂಬೆಗಳ ಅಡಿಯಿಂದ ನೇರ ಬಿಸಿಲು ಹೊಡೆಯುತ್ತದೆ. ಬೊಡ್ಡೆಯ ಸಣ್ಣ ನೆರಳಿನಲ್ಲಿ ಒಬ್ಬರು ತಲೆ ಮರೆಸಿಕೊಳ್ಳಬಹುದು. ಸಂಜೆಯ ಹಿರಿಯರಿಗೆ ಬೆಂಚು ಹಾಕಬೇಕಾದ್ದು ಅಲ್ಲಲ್ಲ. ಮರದಿಂದ ಪೂರ್ವಕ್ಕೆ ಹತ್ತು ಹನ್ನೆರಡು ಮೀಟರ್ ದೂರದಲ್ಲಿ, ಸುತ್ತ ಏನೂ ಇಲ್ಲದ ಬಯಲಿನಂತೆ ಕಾಣುವ ಜಾಗದಲ್ಲಿ. ನಕ್ಷೆಯ ಮೇಲೆ ಯಾರಿಗೂ ಹೊಳೆಯದ ಜಾಗ ಅದು. ಸರಿಯಾದ ರೆಂಡರಿನಲ್ಲಿ ಎದ್ದು ಕಾಣುತ್ತದೆ.

ಇದೇ ಹೊತ್ತಿಗೆ ಪಶ್ಚಿಮದ ಮನೆಗಳ ನೆರಳೂ ಪಾರ್ಕಿಗೆ ಬಂದಿರುತ್ತದೆ. 12 ಮೀಟರ್ ಮನೆಗೆ 22 ಮೀಟರ್ ನೆರಳು, ಅದರಲ್ಲಿ 9 ಮೀಟರ್ ರಸ್ತೆಗೆ ಹೋದರೆ ಉಳಿದ 13 ಮೀಟರ್ ಪಾರ್ಕಿನೊಳಗೆ. ಪಶ್ಚಿಮದ ಅಂಚಿನ ಟ್ರ್ಯಾಕು ಮರವಿಲ್ಲದೆಯೂ ತಂಪಾಗಿದೆ, ಪೂರ್ವದ ಅಂಚಿನದು ಬಿಸಿಲಲ್ಲಿದೆ. ಐದೂವರೆಯಾಗುವಷ್ಟರಲ್ಲಿ ಮನೆಗಳ ನೆರಳು ಹೆಚ್ಚುಕಡಿಮೆ ಪಾರ್ಕನ್ನೆಲ್ಲ ಮುಚ್ಚಿರುತ್ತದೆ. ಬೆಳಿಗ್ಗೆಯದು ಇದರ ತಲೆಕೆಳಗು: ಏಳು ಗಂಟೆಗೆ ಪೂರ್ವದ ಮನೆಗಳ ನೆರಳು 50 ಮೀಟರಿಗೂ ಹೆಚ್ಚು ಉದ್ದ, ಇಡೀ ಪಾರ್ಕು ಅದರೊಳಗೆ. ಎಂಟಕ್ಕೆ ಅದು ಪೂರ್ವದ ಅಂಚಿನಿಂದ 14 ಮೀಟರಿನಷ್ಟಕ್ಕೆ ಕುಗ್ಗಿರುತ್ತದೆ. ಹೀಗಿರುವಾಗ ಫ್ಲೆಕ್ಸಿನ ಚಿತ್ರದಲ್ಲಿ ಪಾರ್ಕಿನ ಸುತ್ತ ಮನೆಗಳೇ ಇರುವುದಿಲ್ಲ! ಹಸಿರಿನಾಚೆ ನೀಲಿ ಆಕಾಶ, ಬೆಳಗಿನ ವಾಕಿಂಗ್ ಮಾಡುವವರ ಮೇಲೆ ಹೊಂಬಿಸಿಲು. ಆ ಹೊಂಬಿಸಿಲಿಗೆ ನಿಜದಲ್ಲಿ ಎದುರುಮನೆಯ ಮೂರನೇ ಮಹಡಿ ಅಡ್ಡ ನಿಂತಿರುತ್ತದೆ. ಸುತ್ತಲಿನ ಮನೆಗಳನ್ನು ಬಣ್ಣ ಕಿಟಕಿ ಏನೂ ಇಲ್ಲದೆ ಬರೀ ಡಬ್ಬಿಗಳಾಗಿ ಇಟ್ಟರೂ ಸಾಕು, ನೆರಳಿಗೆ ಬೇಕಾದ್ದು ಎತ್ತರ ಮಾತ್ರ.

ಈ ಲೆಕ್ಕದಿಂದ ಸಸಿ ನೆಡುವ ವಿಚಾರಕ್ಕೂ ಒಂದು ಉತ್ತರ ಸಿಗುತ್ತದೆ. ಸಾಮಾನ್ಯವಾಗಿ ಕಾಂಪೌಂಡಿಗೂ ಟ್ರ್ಯಾಕಿಗೂ ನಡುವಿನ ಪಟ್ಟಿಯಲ್ಲಿ ನಾಲ್ಕೂ ಕಡೆ ಒಂದು ಸಾಲು ಸಸಿ ನೆಡುತ್ತಾರೆ. ಪೂರ್ವದ ಅಂಚಿನಲ್ಲಿ ಹಾಗೆ ನೆಟ್ಟ ಮರ ಬೆಳೆದ ಮೇಲೆ ಸಂಜೆಯ ನೆರಳನ್ನು ಚೆಲ್ಲುವುದು ಹೊರಗಿನ ರಸ್ತೆಯ ಮೇಲೆ, ಅಲ್ಲಿ ನಿಲ್ಲಿಸಿದ ಕಾರುಗಳಿಗೆ ಲಾಭ. ಅದೇ ಸಾಲನ್ನು ಟ್ರ್ಯಾಕಿನ ಒಳಮಗ್ಗುಲಿಗೆ, ಐದಾರು ಮೀಟರ್ ಪಶ್ಚಿಮಕ್ಕೆ ಸರಿಸಿದರೆ ಏಳು ಮೀಟರ್ ಎತ್ತರ ಬಂದ ಮರದ ನೆರಳು ನಡೆಯುವವರ ತಲೆಯ ಮೇಲೇ ಬೀಳುತ್ತದೆ. ಖರ್ಚು ಅಷ್ಟೇ, ಗುಂಡಿ ತೋಡುವ ಜಾಗ ಬೇರೆ.

ಮರಗಳ ವಯಸ್ಸಿನ ಮಾತು ಈಗ ಬಂತು. ಯಾವ ಪಾರ್ಕಿನಲ್ಲೂ ಎಲ್ಲ ಮರಗಳೂ ಒಂದೇ ವಯಸ್ಸಿನವಲ್ಲ. ಲೇಔಟಿಗೂ ಮುಂಚೆ ಅಲ್ಲಿದ್ದ ಒಂದು ಅತ್ತಿಯೋ ನೇರಳೆಯೋ ಇರುತ್ತದೆ; ಆಮೇಲೆ ನೆಟ್ಟ ಹೊಂಗೆ, ಹೊಳೆದಾಸವಾಳ; ಹೋದ ಮಳೆಗಾಲದಲ್ಲಿ ನೆಟ್ಟು ಕಬ್ಬಿಣದ ಜಾಲರಿ ಕಟ್ಟಿದ, ಎದೆಯೆತ್ತರಕ್ಕೂ ಬಾರದ ಸಸಿಗಳು. ರೆಂಡರ್ ಮಾಡುವವರ ಬಳಿ ಮರಗಳ ಮಾಡೆಲ್‌ಗಳಿರುತ್ತವೆ, ಒಂದೊಂದರಲ್ಲೂ ಲಕ್ಷಗಟ್ಟಲೆ ಎಲೆ. ಬೇರೆ ಬೇರೆ ವಯಸ್ಸಿನ ಮಾಡೆಲ್ ಹುಡುಕುವ ಬದಲು ಒಂದೇ ದೊಡ್ಡ ಮರವನ್ನು ಅರ್ಧಕ್ಕೆ, ಕಾಲಿಗೆ ಕುಗ್ಗಿಸಿ ಅದನ್ನೇ ಸಸಿ ಎಂದು ನಿಲ್ಲಿಸುವುದು ಈ ಕಸುಬಿನ ಅತಿ ಹಳೆಯ ಅಡ್ಡದಾರಿ.

ಅದು ಯಾಕೆ ಕಣ್ಣಿಗೆ ಚುಚ್ಚುತ್ತದೆಂದರೆ, ಮರ ಕುಗ್ಗಿದಾಗ ಅದರ ಎಲೆಯೂ ಕುಗ್ಗುತ್ತದೆ. ನಿಜದ ಹೊಂಗೆ ಸಸಿಯ ಎಲೆ ಹೆಚ್ಚುಕಡಿಮೆ ದೊಡ್ಡ ಹೊಂಗೆಯ ಎಲೆಯಷ್ಟೇ ಇರುತ್ತದೆ. ಎಲೆಗಳ ಸಂಖ್ಯೆ ಕಡಿಮೆ, ಅಷ್ಟೆ. ಎಲೆ ಚಿಕ್ಕದಾದ ಕೂಡಲೇ ಕಣ್ಣು ಅದನ್ನು ದೂರದಲ್ಲಿರುವ ದೊಡ್ಡ ಮರ ಎಂದು ಓದುತ್ತದೆ, ಪಕ್ಕದ ಬೆಂಚು ದಿಢೀರನೆ ಮಂಚದಷ್ಟು ದೊಡ್ಡದಾಗಿ ಕಾಣುತ್ತದೆ. ಬೊಡ್ಡೆಯ ಕಥೆಯೂ ಅದೇ. ಎಳೆಯ ಮರದ ಕಾಂಡ ತೆಳ್ಳಗೆ ನೇರ, ಕೊಂಬೆಗಳು ಮೇಲ್ಮುಖ. ವಯಸ್ಸಾದಂತೆ ಕೊಂಬೆಗಳು ಪಕ್ಕಕ್ಕೆ ಚಾಚುತ್ತವೆ, ಬುಡದಲ್ಲಿ ಬೇರು ಉಬ್ಬಿ ಟ್ರ್ಯಾಕಿನ ಇಂಟರ್‌ಲಾಕ್ ಕಲ್ಲುಗಳನ್ನು ಎತ್ತುತ್ತವೆ, ನಡೆಯುವವರ ತಲೆಗೆ ತಾಗುವ ಕೆಳಗೊಂಬೆಗಳನ್ನು ಯಾರೋ ಕಡಿದ ಗುರುತು ಉಳಿಯುತ್ತದೆ. ವಿದ್ಯುತ್ ತಂತಿ ಹಾದುಹೋದ ಕಡೆ ಮರದ ಒಂದು ಮಗ್ಗುಲೇ ಇರುವುದಿಲ್ಲ. ಒಂದೆರಡು ಅರ್ಧ ಬೋಳಾದ ಮರಗಳನ್ನು ಚಿತ್ರದಲ್ಲಿ ನಿಲ್ಲಿಸುವ ಧೈರ್ಯ ಮಾಡಿದವರ ಪಾರ್ಕನ್ನು ನಾನು ನಂಬುತ್ತೇನೆ.

ಮರದ ಋತುವೂ ಸೂರ್ಯನ ತಾರೀಖಿಗೆ ಹೊಂದಬೇಕು. ಗುಲಾಬಿ ತಬೆಬುಯಾ ಮೈತುಂಬ ಹೂಬಿಡುವುದು ಚಳಿ ಕಳೆಯುವ ತಿಂಗಳುಗಳಲ್ಲಿ, ಆಗ ಅದರಲ್ಲಿ ಎಲೆ ಇಲ್ಲದಷ್ಟು ಕಡಿಮೆ. ಅದೇ ಚಿತ್ರದಲ್ಲಿ ಅದರ ಕೆಳಗೆ ಕಪ್ಪು ದಟ್ಟ ನೆರಳು ಬಿದ್ದಿದ್ದರೆ ಆ ನೆರಳು ಯಾವ ಎಲೆಯದು? ಹೊಂಗೆ ಬೇಸಿಗೆಯ ಬಾಯಲ್ಲಿ ಎಲೆ ಉದುರಿಸಿ ಯುಗಾದಿಯ ಹೊತ್ತಿಗೆ ಹೊಸ ಚಿಗುರು ಹೊದ್ದುಕೊಳ್ಳುತ್ತದೆ. ಏಪ್ರಿಲ್ 20ರ ನಮ್ಮ ಲೆಕ್ಕಕ್ಕೆ ಹೊಂಗೆಯನ್ನು ಆರಿಸಿದ್ದು ಈ ಕಾರಣಕ್ಕೇ. ಅಲ್ಲಿ ಗುಲ್‌ಮೊಹರ್ ಇಟ್ಟಿದ್ದರೆ ಹೂವು ಬೇಕಾದಷ್ಟಿದ್ದರೂ ನೆರಳು ತೆಳ್ಳಗಿರುತ್ತಿತ್ತು.

ಇಷ್ಟೆಲ್ಲ ಸರಿಯಿದ್ದೂ ಚಿತ್ರದ ನೆರಳು ಕತ್ತರಿಯಲ್ಲಿ ಕತ್ತರಿಸಿದಂತೆ ಕಾಣಬಹುದು. ಅದಕ್ಕೆ ಕಾರಣ ಸೂರ್ಯನ ಗಾತ್ರ. ಸೂರ್ಯ ಆಕಾಶದಲ್ಲಿ ಬಿಂದುವಲ್ಲ, ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ನೆರಳಿನ ಅಂಚು ದೂರ ಹೋದಷ್ಟೂ ಮಸುಕಾಗುತ್ತದೆ, ಸುಮಾರು ದೂರದ ನೂರರಲ್ಲಿ ಒಂದು ಪಾಲಿನಷ್ಟು. ಬೆಂಚಿನ ಕಾಲಿನ ನೆರಳು ನೆಲಕ್ಕೆ ತಾಗುವಲ್ಲಿ ಚೂಪಾಗಿರುತ್ತದೆ. ನೆಲಕ್ಕೆ ನೇರವಾಗಿ ಬೀಳುವ ಮಧ್ಯಾಹ್ನದ ಬಿಸಿಲಿನಲ್ಲಿ ಎಂಟು ಮೀಟರ್ ಮೇಲಿನ ಎಲೆಯ ನೆರಳಿನ ಅಂಚು ಏಳೆಂಟು ಸೆಂಟಿಮೀಟರ್ ಅಗಲಕ್ಕೆ ಕರಗಿರುತ್ತದೆ. ಎಲೆಗಳ ನಡುವಿನ ಸಂದುಗಳು ಯಾವ ಆಕಾರದಲ್ಲಿದ್ದರೂ ಮರದಡಿಯ ನೆಲದ ಮೇಲೆ ಬೀಳುವ ಬೆಳಕಿನ ಚುಕ್ಕೆಗಳು ದುಂಡಗಿರುವುದೂ ಇದರಿಂದಲೇ: ಒಂದೊಂದು ಚುಕ್ಕೆಯೂ ಸೂರ್ಯನ ಪುಟ್ಟ ಬಿಂಬ. ಸೂರ್ಯಗ್ರಹಣದ ದಿನ ಅವೆಲ್ಲ ಕುಡುಗೋಲಿನಂತಾಗುವುದನ್ನು ಅನೇಕರು ನೋಡಿರುತ್ತಾರೆ. ತಂತ್ರಾಂಶದಲ್ಲಿ ಸೂರ್ಯನ ಅಗಲವನ್ನು ಸೊನ್ನೆಗೆ ಇಟ್ಟರೆ ಈ ದುಂಡು ಚುಕ್ಕೆಗಳು ಹೋಗಿ ನೆಲದ ತುಂಬ ಚೂಪು ಚೂಪು ಎಲೆಯಚ್ಚು ಉಳಿಯುತ್ತದೆ. ಐದು ಡಿಗ್ರಿಗೆ ಇಟ್ಟರೆ ಮೋಡ ಕವಿದಂತೆ ಎಲ್ಲ ಅಳಿಸಿಹೋಗುತ್ತದೆ. ಬೇಕಾದ್ದು 0.53.

ಇನ್ನೊಂದು ತಪ್ಪು ಹಳೆಯ ಕಂಪ್ಯೂಟರಿನಲ್ಲಿ ಕೆಲಸ ಮಾಡುವವರದು. ದೂರದ ಮರಗಳಿಗೆ ನಿಜವಾದ ಕೊಂಬೆ ಎಲೆ ಬದಲು ಮರದ ಫೋಟೊ ಅಂಟಿಸಿದ ಹಲಗೆಯೊಂದನ್ನು ನಿಲ್ಲಿಸುತ್ತಾರೆ. ಎದುರಿನಿಂದ ನೋಡಲು ಮರವೇ. ಆದರೆ ಸೂರ್ಯ ಪಕ್ಕದಿಂದ ಬಂದರೆ ಆ ಹಲಗೆಗೆ ಸಿಗುವುದು ಒಂದು ಗೆರೆಯಷ್ಟು ನೆರಳು. ಚಿತ್ರದಲ್ಲಿ ಹತ್ತು ಮೀಟರ್ ಮರದಡಿ ದಾರದಂಥ ನೆರಳು ಕಂಡರೆ ಕಾರಣ ಇದು. ಫೋಟೊದ ಪಾರದರ್ಶಕ ಭಾಗವನ್ನು ನೆರಳಿನ ಲೆಕ್ಕಕ್ಕೆ ಸೇರಿಸದೆ ಹೋದಾಗ ಮರಕ್ಕೆ ಬಾಗಿಲಿನಾಕಾರದ ಚೌಕ ನೆರಳು ಬರುವುದೂ ಉಂಟು.

ಆಕಾಶದ ಬಗ್ಗೆ ಒಂದು ಮಾತು. ಚಿತ್ರದ ಹಿಂದಿನ ಮೋಡ, ನೀಲಿ ಎಲ್ಲ ಬೇರೆಲ್ಲೋ ತೆಗೆದ ಸುತ್ತುಫೋಟೊ ಆಗಿರುತ್ತದೆ, ಅದರೊಳಗೂ ಒಬ್ಬ ಸೂರ್ಯನಿರುತ್ತಾನೆ. ಲೆಕ್ಕದ ಸೂರ್ಯ ಪಶ್ಚಿಮದಲ್ಲಿ, ಫೋಟೊದ ಸೂರ್ಯ ಪೂರ್ವದಲ್ಲಿ ಇದ್ದರೆ ಮೋಡಗಳ ಹೊಳೆಯುವ ಮಗ್ಗುಲು ಒಂದು ಕಡೆ, ಮನೆಗಳ ಹೊಳೆಯುವ ಗೋಡೆ ಇನ್ನೊಂದು ಕಡೆ. ಕೊನೆಯಲ್ಲಿ ತಂದು ಅಂಟಿಸಿದ ಮನುಷ್ಯರಲ್ಲೂ ಇದೇ ಎಡವಟ್ಟು. ಓಡುವ ಆ ಮಗುವಿನ ನೆರಳು ಪಕ್ಕದ ದೀಪದ ಕಂಬದ ನೆರಳಿನ ದಿಕ್ಕಿಗೇ ಇದೆಯೇ ನೋಡಿ. ಹಾಗೆ ನೋಡುವಾಗ ಒಂದು ಎಚ್ಚರ ಬೇಕು: ಚಿತ್ರದಲ್ಲಿ ಎಲ್ಲ ನೆರಳುಗಳೂ ಸಮಾನಾಂತರ ಗೆರೆಗಳಾಗಿ ಕಾಣಬೇಕಿಲ್ಲ. ರೈಲು ಹಳಿಗಳು ದೂರದಲ್ಲಿ ಕೂಡುತ್ತವಲ್ಲ, ಹಾಗೆ ನೆರಳುಗಳೂ ದಿಗಂತದ ಒಂದೇ ಬಿಂದುವಿನತ್ತ ಕೂಡುತ್ತ ಹೋಗುವುದು ಸರಿಯೇ. ಒಂದು ನೆರಳು ಮಾತ್ರ ಆ ಬಿಂದುವನ್ನು ಬಿಟ್ಟು ಬೇರೆಡೆ ನೋಡುತ್ತಿದ್ದರೆ ಅದು ಅಂಟಿಸಿದ್ದು.

ನೆರಳಿನ ಕೆಳಗಿನ ನೆಲವನ್ನೂ ನೋಡಬೇಕು. ದಟ್ಟ ಮಳೆಮರದ ಬುಡದವರೆಗೂ ಕಾರ್ಪೆಟ್ಟಿನಂಥ ಹುಲ್ಲು ಹಾಸಿರುವ ಚಿತ್ರ ಎಷ್ಟೋ ಇವೆ. ಅಷ್ಟು ನೆರಳಿನಲ್ಲಿ ಲಾನಿನ ಹುಲ್ಲು ನಿಲ್ಲುವುದಿಲ್ಲ, ಉಳಿಯುವುದು ಗಟ್ಟಿ ಮಣ್ಣು, ತರಗೆಲೆ. ನೆರಳಿನ ಗೆರೆ ಸರಿಯಾಗಿ ಗೊತ್ತಾದರೆ ಹುಲ್ಲಿನ ಗೆರೆಯೂ ಗೊತ್ತಾಗುತ್ತದೆ, ಗುತ್ತಿಗೆದಾರ ಎಷ್ಟು ಚದರ ಮೀಟರ್ ಲಾನು ಹಾಸಬೇಕೆಂಬ ಲೆಕ್ಕವೂ ಅಲ್ಲೇ ಬದಲಾಗುತ್ತದೆ.

ಪಾರ್ಕಿನ ಸಮಿತಿಯವರು ರೆಂಡರ್ ತರಿಸುವಾಗ ಒಂದು ಚಿತ್ರದ ಬದಲು ಮೂರು ಕೇಳುವುದು ಒಳ್ಳೆಯದು. ಮೂರಕ್ಕೂ ಕ್ಯಾಮೆರಾ ಒಂದೇ ಜಾಗದಲ್ಲಿ, ಏಪ್ರಿಲ್ 20ರ ನಾಲ್ಕೂವರೆ ಗಂಟೆ, ಸುತ್ತಲಿನ ಮನೆಗಳ ಸಮೇತ. ಒಂದರಲ್ಲಿ ಸಸಿಗಳು ಇವತ್ತಿನ ಎತ್ತರದಲ್ಲಿ, ಇನ್ನೊಂದರಲ್ಲಿ ಎಂಟು ವರ್ಷದ ನಂತರ, ಮತ್ತೊಂದರಲ್ಲಿ ಇಪ್ಪತ್ತು ವರ್ಷಕ್ಕೆ. ಮಾಡೆಲ್ ಒಮ್ಮೆ ಕಟ್ಟಿದ ಮೇಲೆ ಮರಗಳನ್ನಷ್ಟೇ ಬದಲಿಸಿದರಾಯಿತು, ಹೆಚ್ಚಿನ ದುಡ್ಡು ಕೇಳುವಂಥ ಕೆಲಸವಲ್ಲ. ಮೊದಲನೆಯ ಚಿತ್ರದಲ್ಲಿ ಪೂರ್ವದ ಟ್ರ್ಯಾಕು ಬಟಾಬಯಲಾಗಿ ಕಾಣುತ್ತದೆ. ಅಲ್ಲಿಗೆ ಹಾಕಬೇಕೆಂದಿದ್ದ ದಾನಿಗಳ ಹೆಸರಿನ ನಾಲ್ಕು ಕಲ್ಲುಬೆಂಚುಗಳನ್ನು ಹಳೆಯ ಹೊಂಗೆಯ ಸಂಜೆ ನೆರಳಿಗೆ ಸರಿಸೋಣ ಎಂದು ಯಾರಾದರೂ ಹೇಳುವುದು ಆಗಲೇ. ಕಾಂಕ್ರೀಟ್ ಹಾಕಿ ಕೂರಿಸಿದ ಮೇಲೆ ಆ ಬೆಂಚುಗಳನ್ನು ಕೀಳಲು ಮತ್ತೊಂದು ಟೆಂಡರ್ ಬೇಕಾಗುತ್ತದೆ.